ನಮ್ಮನೆ ರೌಟರ್‌ಗೆ 1970ನೇ ಇಸವಿ

ನಮ್ಮಮ್ಮನ ಆರ್ಡರ್ ಇದ್ದಿದ್ದು ಒಂದೇ: ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ವೈಫೈ ಇರಬಾರದು. ತಮ್ಮನಿಗೆ ಎಸ್ಸೆಸ್ಸೆಲ್ಸಿ. ಮನೆಯ ಇಂಜಿನಿಯರ್ ನಾನೇ ತಾನೆ, ರೌಟರ್‌ನಲ್ಲಿ ಶೆಡ್ಯೂಲ್ ಹಾಕಿಟ್ಟೆ. ಎರಡು ವಾರ ಸರಿಯಾಗೇ ನಡೀತು.

ಒಂದು ಸಂಜೆ ಕೆ.ಆರ್. ಪುರಂನಲ್ಲಿ ಜೋರು ಮಳೆ, ಕರೆಂಟ್ ಹೋಯ್ತು. 7:40ಕ್ಕೆ ಬಂತು, ವೈಫೈ ಮಾತ್ರ ಬರಲಿಲ್ಲ. ರಾತ್ರಿ ಎರಡು ಗಂಟೆಗೆ ನೀರು ಕುಡಿಯೋಕೆ ಎದ್ದ ಅಮ್ಮನಿಗೆ ತಮ್ಮ ವಿಡಿಯೋ ನೋಡ್ತಾ ಸಿಕ್ಕಿಬಿದ್ದ. "ಪಾಸ್‌ವರ್ಡ್ ಕದ್ದು ಟೈಮ್ ಬದಲಾಯಿಸಿದೀಯಾ" ಅಂತ ನಾನೂ ಸೇರ್ಕೊಂಡು ಬೈದೆ. ಅವನು "ನಾನಲ್ಲ ಕಣೋ" ಅಂದ. ಯಾರು ನಂಬ್ತಾರೆ?

ಮರುದಿನ ಸಂಜೆ 6:40ಕ್ಕೆ ವೈಫೈ ಮತ್ತೆ ಮಾಯ. ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಚುಚ್ಚಿದರೆ ಇಂಟರ್ನೆಟ್ ಬರ್ತಿದೆ! ಅಡ್ಮಿನ್ ಪೇಜ್ ತೆಗೆದು ಸಿಸ್ಟಮ್ ಲಾಗ್ ನೋಡಿದೆ. ಕರೆಂಟ್ ಬಂದ ಮೇಲಿನ ಮೊದಲ ಸಾಲು ಹೀಗಿತ್ತು:

```
1970-01-01 00:00:12
```

ಕಳ್ಳ ಸಿಕ್ಕಿದ್ದ. ಕಂಪ್ಯೂಟರ್‌ನ ಮದರ್‌ಬೋರ್ಡ್ ಮೇಲೆ ಒಂದು ಸಣ್ಣ ನಾಣ್ಯದಂಥ ಬ್ಯಾಟರಿ ಇರುತ್ತೆ. ಕರೆಂಟ್ ಇಲ್ಲದಿದ್ದರೂ ಅದು ಗಡಿಯಾರ ಓಡಿಸುತ್ತೆ. ಮನೆ ರೌಟರ್‌ಗಳಲ್ಲಿ ಸಾಮಾನ್ಯವಾಗಿ ಅದು ಇರಲ್ಲ. ಆಫ್ ಆಗಿ ಆನ್ ಆದರೆ ಯೂನಿಕ್ಸ್ ಲೆಕ್ಕದ ಸೊನ್ನೆಯಿಂದ, ಅಂದರೆ 1970ರ ಜನವರಿ 1ರಿಂದ ಎಣಿಸೋಕೆ ಶುರು ಮಾಡುತ್ತೆ. ಕೆಲವು ರೌಟರ್‌ಗಳು ಫರ್ಮ್‌ವೇರ್ ತಯಾರಾದ ದಿನದಿಂದ ಶುರು ಮಾಡ್ತವೆ. ಶೆಡ್ಯೂಲ್ ಫ್ಲ್ಯಾಶ್ ಮೆಮೊರಿಯಲ್ಲಿ ಭದ್ರವಾಗಿರುತ್ತೆ, ಕೆಟ್ಟಿದ್ದು ಗಂಟೆ ಮಾತ್ರ.

ಈಗ ಲೆಕ್ಕ ಹಾಕಿ. ನಮ್ಮ 7:40 ಅದಕ್ಕೆ ಮಧ್ಯರಾತ್ರಿ 12. ಅದರ ಬೆಳಗ್ಗೆ 6 ಆಗೋದು ನಮ್ಮ ರಾತ್ರಿ 1:40ಕ್ಕೆ, ಆಗ ವೈಫೈ ಆನ್. ಅದರ ರಾತ್ರಿ 11 ಅಂದರೆ ನಮ್ಮ ಮರುದಿನ ಸಂಜೆ 6:40, ಆಗ ಆಫ್. ರೌಟರ್ ಅಮ್ಮನ ಮಾತನ್ನ ಒಂದಿಷ್ಟೂ ಮೀರಿರಲಿಲ್ಲ.

ತಪ್ಪು ನನ್ನದೇ. ಮೊದಲ ದಿನ ಟೈಮನ್ನ ಕೈಯಿಂದ ಟೈಪ್ ಮಾಡಿ ಸೇವ್ ಕೊಟ್ಟಿದ್ದೆ. ಈಗ ಟೈಮ್ ಸೆಟ್ಟಿಂಗ್ಸ್‌ನಲ್ಲಿ ಎನ್‌ಟಿಪಿ ಆಯ್ಕೆ ಮಾಡಿ, ಸರ್ವರ್ ಜಾಗದಲ್ಲಿ `in.pool.ntp.org` ಹಾಕಿದೆ. ಇಂಟರ್ನೆಟ್ ಸಿಕ್ಕ ಕೂಡಲೇ ರೌಟರ್ ತಾನೇ ಟೈಮ್ ಕೇಳ್ಕೊಳ್ಳುತ್ತೆ.

ಆದರೂ ಆ ರಾತ್ರಿ 11ಕ್ಕೆ ವೈಫೈ ಆಫ್ ಆಗಲಿಲ್ಲ! ಎನ್‌ಟಿಪಿ ಕೊಡೋದು ಯುಟಿಸಿ ಸಮಯ. ಟೈಮ್‌ಝೋನ್ ಜಿಎಂಟಿಯಲ್ಲೇ ಉಳಿದಿತ್ತು. ಹಾಗೇ ಬಿಟ್ಟಿದ್ದರೆ ನಮ್ಮ ಬೆಳಗಿನ 4:30ಕ್ಕೆ ಆಫ್ ಆಗಿ 11:30ಕ್ಕೆ ಆನ್ ಆಗ್ತಿತ್ತು. `GMT+05:30` ಆರಿಸಿದ ಮೇಲೆ ಸರಿಹೋಯ್ತು.

ಆಮೇಲೆ ಬೇಕಂತಲೇ ಪ್ಲಗ್ ಕಿತ್ತು ಮತ್ತೆ ಹಾಕಿದೆ. ಲಾಗ್‌ನಲ್ಲಿ ಕೆಲವು ಸಾಲು 1970, ಆಮೇಲೆ ಒಂದೇ ನೆಗೆತಕ್ಕೆ ಇವತ್ತಿನ ತಾರೀಖು. ಒಂದು ಮಿತಿ ಇದೆ: ಇಂಟರ್ನೆಟ್ ಲೈನೇ ಬರದಿದ್ದರೆ ಟೈಮೂ ಸಿಗಲ್ಲ, ಶೆಡ್ಯೂಲ್ ಮತ್ತೆ ದಿಕ್ಕು ತಪ್ಪುತ್ತೆ.

ಲಾಗ್ ತೋರಿಸಿ ತಮ್ಮನಿಗೆ ಸಾರಿ ಕೇಳಿದೆ. ಅವನು ಸ್ಕ್ರೀನ್ ನೋಡಿ ಹೇಳಿದ: "ಅಮ್ಮ ಹುಟ್ಟೋಕೂ ಮುಂಚಿನ ರೌಟರ್ ಕಣೋ ಇದು. ಅದಕ್ಕೇ ಅಮ್ಮನ ಮಾತು ಕೇಳಿಲ್ಲ."