ಹೆಂಗಿದೀರಾ ಅಣ್ಣಾ ಅಂದ್ರೆ ಏನ್ ಹೇಳೋದು?



ಎರಡು ವರ್ಷದ ಹಿಂದಿನ ಮಾತು. ಜಿಲ್ಲಾ ಕೋರ್ಟಿನಲ್ಲಿ ನಾವು ನಾಲ್ಕು ವರ್ಷ ಓಡಾಡಿದ್ದ ಒಂದು ದೌರ್ಜನ್ಯ ಕೇಸಿನ ತೀರ್ಪು ಇತ್ತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಆರೋಪಿಗಳೆಲ್ಲ ಖುಲಾಸೆ. ದೂರು ಕೊಟ್ಟಿದ್ದ ತಾಯಿಯನ್ನ ಆಟೋ ಹತ್ತಿಸಿ ನಾನು ಬಸ್ ಸ್ಟ್ಯಾಂಡಿಗೆ ನಡೆದು ಬಂದೆ. ಅಲ್ಲಿ ನಮ್ಮ ಅಧ್ಯಯನ ಶಿಬಿರಗಳಿಗೆ ಬರುತ್ತಿದ್ದ ಹಾಸ್ಟೆಲ್ ಹುಡುಗ ಒಬ್ಬ ನನ್ನ ನೋಡಿ ಓಡಿ ಬಂದ. "ಜೈಭೀಮ್ ಅಣ್ಣಾ! ಹೆಂಗಿದೀರಾ?"

ಅಷ್ಟೇ ಕೇಳಿದ್ದು. ನಾನು ಶುರು ಮಾಡಿದೆ. ಕೋರ್ಟು, ಪೊಲೀಸು, ದುಡ್ಡು ತಗೊಂಡ ಸಾಕ್ಷಿ, ನಮ್ಮವರೇ ಕೈಕೊಟ್ಟಿದ್ದು, ಈ ಚಳವಳಿ ಎಲ್ಲಾ ವೇಸ್ಟು ಅನ್ನೋವರೆಗೂ ಹೋದೆ. ನಿಂತಲ್ಲೇ ಇಪ್ಪತ್ತು ನಿಮಿಷ. ಅವನ ಬಸ್ಸು ಬಂತು, ಹೋಯ್ತು. ಅವನು ತಲೆ ಆಡಿಸ್ತಾ ನಿಂತೇ ಇದ್ದ. ಆಮೇಲೆ ಒಂದು ತಿಂಗಳಿಗೆ ಬೇರೆಯವರಿಂದ ಗೊತ್ತಾಯ್ತು. ಅವತ್ತು ಬೆಳಿಗ್ಗೆ ಅವನಿಗೆ ಎಸ್‌ಡಿಎ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿತ್ತಂತೆ. ಅವರ ಮನೆತನದಲ್ಲೇ ಮೊದಲ ಸರ್ಕಾರಿ ನೌಕರಿ. ಅದನ್ನ ನನಗೆ ಹೇಳೋಕೆ ಓಡಿ ಬಂದಿದ್ದ. ಹೇಳದೇ ಹೋದ.

ಇದಕ್ಕೆ ಮುಂಚೆ ನಾನು ಇದರ ಉಲ್ಟಾ ಇದ್ದವನು. ಯಾರು ಕೇಳಿದ್ರೂ "ಸೂಪರ್", "ಫಸ್ಟ್ ಕ್ಲಾಸ್". ಮೂವತ್ತರ ವಯಸ್ಸಲ್ಲಿ ಕಾರ್ಯಕರ್ತ ಅಂದ್ರೆ ಕುಗ್ಗಬಾರದು ಅನ್ನೋ ಹುಚ್ಚು. ಅದರ ಲೆಕ್ಕ ಒಬ್ಬ ಹಳೇ ಸಂಗಾತಿ ಚುಕ್ತಾ ಮಾಡಿದ. "ನೀನು ಯಾವಾಗ್ಲೂ ಚೆನ್ನಾಗೇ ಇರ್ತೀಯ ಮಾರಾಯ, ಅದಕ್ಕೇ ನನ್ನ ಕಷ್ಟ ನಿನಗೆ ಹೇಳೋದು ಬಿಟ್ಟೆ" ಅಂದ. ನನ್ನ ಸುಳ್ಳು ನನ್ನ ಬಾಯಿ ಮಾತ್ರ ಮುಚ್ಚಿಲ್ಲ, ಅವನ ಬಾಯಿನೂ ಮುಚ್ಚಿತ್ತು.

ಹಂಗಾದ್ರೆ ಏನ್ ಹೇಳೋದು? ನನಗೆ ದಾರಿ ತೋರಿಸಿದ್ದು ಪುಸ್ತಕ ಅಲ್ಲ, ನಮ್ಮ ಆಫೀಸಿನ ಬೀದಿ ಗುಡಿಸೋ ಪೌರಕಾರ್ಮಿಕ ಅಕ್ಕ. ಒಂದಿನ ಅವರನ್ನ "ಚೆನ್ನಾಗಿದೀರಾ ಅಕ್ಕಾ?" ಅಂದೆ. "ಇವತ್ತು ಮಂಡಿ ಹಿಡ್ಕಂಡದೆ ಕಣಪ್ಪ. ಒಂದ್ ಟೀ ಕುಡುದ್ರೆ ನಡೀತದೆ. ನಿಂದೇನು, ಮಗಳು ಪರೀಕ್ಷೆ ಬರದ್ಲಾ?" ಅಂದ್ರು. ಕೆಲಸಕ್ಕೆ ತಿರುಗಿದ್ರು.

ಆ ಉತ್ತರ ಬಿಡಿಸಿ ನೋಡಿ. ಮೊದಲು ಒಂದು ನಿಜ. ಒಂದೇ. ಅದು "ಇವತ್ತು" ಅಂತ ಶುರುವಾಗಿತ್ತು, ಅಂದ್ರೆ ಇಡೀ ಬದುಕಿನ ಮೇಲೆ ತೀರ್ಪು ಕೊಡಲಿಲ್ಲ. ಎರಡನೇ ಮಾತು ಆ ನೋವಿನ ಅಳತೆ ಹೇಳ್ತು: ಟೀಗೆ ಹೋಗುವಷ್ಟು, ನೀನು ಗಾಬರಿ ಬೀಳಬೇಡ. ಮೂರನೇದು ಮಾತನ್ನ ನನ್ನ ಕಡೆ ತಿರುಗಿಸ್ತು, ಅದೂ "ನೀ ಹೆಂಗಿದೀಯ" ಅಂತ ಬಾಯಿಪಾಠವಾಗಿ ಅಲ್ಲ, ನನ್ನ ಮಗಳ ಪರೀಕ್ಷೆ ನೆನಪಿಟ್ಟು. ಸುಳ್ಳಿಲ್ಲ, ಹೊರೆಯೂ ಇಲ್ಲ.

ನಾನು ಇದನ್ನೇ ಅಭ್ಯಾಸ ಮಾಡಿಕೊಂಡೆ. ಅಷ್ಟು ಸುಲಭ ಅಲ್ಲ, ಹೇಳ್ತೀನಿ. ಬೇಜಾರಾದಾಗ ಬಾಯಿಗೆ ಮೊದಲು ಬರೋದು "ಏನೋ, ಹಿಂಗಿದೀನಿ ಬಿಡು" ಅನ್ನೋ ಅರ್ಧ ಮಾತು. ಇದು ನಿಜ ಹೇಳಿದಂಗೆ ಕಾಣುತ್ತೆ, ಆದರೆ ಇದು ಗಾಳ. ಎದುರಿಗಿರೋರು ಈಗ "ಯಾಕಣ್ಣಾ, ಏನಾಯ್ತು?" ಅಂತ ಕೇಳಲೇಬೇಕು. ಕೇಳದಿದ್ರೆ ಅವರು ಕಲ್ಲುಮನಸ್ಸಿನವರು, ಕೇಳಿದ್ರೆ ಅವರ ಬಸ್ಸು ಹೋಯ್ತು. ಅದಕ್ಕೆ ಈಗ ಆ ಎರಡನೇ ಮಾತು ನಾನೇ ಸೇರಿಸ್ತೀನಿ: "ಇವತ್ತು ಮನಸ್ಸು ಸರಿ ಇಲ್ಲ, ಆದ್ರೆ ಈಗ ಅದರ ಮಾತು ಬೇಡ." ಬಾಗಿಲು ಹಾಕಿದೀನಿ, ಆದ್ರೆ ಮನೇಲಿ ಇದೀನಿ ಅಂತ ಹೇಳಿದಂಗೆ.

ಎದುರಿಗಿರೋರಿಗೆ ಎಷ್ಟು ಹೇಳಬಹುದು ಅನ್ನೋದು ಅವರ ಕಾಲು ನೋಡಿದ್ರೆ ಗೊತ್ತಾಗುತ್ತೆ. ನಡೀತಾ ನಡೀತಾ ಕೇಳಿದ್ರೆ ಅದು ನಮಸ್ಕಾರ, ಪ್ರಶ್ನೆ ಅಲ್ಲ. ನಿಂತು, ನಿಮ್ಮ ಉತ್ತರ ಕೇಳಿ, "ನಿಜ ಹೇಳಿ, ಏನು?" ಅಂತ ಎರಡನೇ ಸಲ ಕೇಳಿದ್ರೆ ಅದು ಪ್ರಶ್ನೆ. ಎರಡನೇ ಸಲ ಕೇಳಿದವರಿಗೂ ನಾನು ಮೊದಲು "ಹತ್ತು ನಿಮಿಷ ಇದೆಯಾ?" ಅಂತ ಕೇಳ್ತೀನಿ. ವಾಟ್ಸಾಪ್ ಗ್ರೂಪಿನ ಬೆಳಗಿನ "ಜೈಭೀಮ್"ಗೆ "ಜೈಭೀಮ್" ಅಂದ್ರೆ ಪೂರ್ತಿ ಉತ್ತರ ಆಯ್ತು. ಅಲ್ಲಿ ಯಾರೂ ನಿಮ್ಮ ನಿದ್ದೆ ಕೇಳಿಲ್ಲ.

ಫೋನಿನ ಹಲೋ ಬೇರೆ. ನಮ್ಮಂಥವರಿಗೆ ರಾತ್ರಿ ಹತ್ತಕ್ಕೆ "ಅಣ್ಣಾ ಹೆಂಗಿದೀರಾ, ಊಟ ಆಯ್ತಾ?" ಅಂತ ಬಂದ್ರೆ ಅದರ ಹಿಂದೆ ಒಂದು ಕಷ್ಟ ನಿಂತಿರುತ್ತೆ. ಆಗ "ಚೆನ್ನಾಗಿದೀನಿ ಹೇಳಮ್ಮ" ಅಂದುಬಿಟ್ಟು, ಮುಂದೆ ಅರ್ಧ ಗಂಟೆ ಹೂಂ ಹೂಂ ಅಂತ ಕಳ್ಳಗಿವಿ ಕೊಟ್ಟಿದ್ದೀನಿ. ಒಂದು ಸಲ ಹಂಗೇ ಒಬ್ಬ ಹೆಣ್ಣುಮಗಳು ಹೇಳಿದ ಎಫ್‌ಐಆರ್ ವಿಷಯ ಮರುದಿನ ನೆನಪೇ ಇರಲಿಲ್ಲ. ಈಗ ಹೇಳೋದು: "ಇವತ್ತು ಬಹಳ ಸುಸ್ತಾಗಿದೀನಿ ಕಣಮ್ಮ. ಹೊಡೆತ ಬಡಿತ, ಸ್ಟೇಷನ್ ವಿಷಯ ಇದ್ರೆ ಈಗ್ಲೇ ಹೇಳು. ಅರ್ಜಿ ವಿಷಯ ಆದ್ರೆ ನಾಳೆ ಒಂದೂವರೆಗೆ ಊಟದ ಟೈಮಲ್ಲಿ ನಾನೇ ಮಾಡ್ತೀನಿ." ಟೈಮ್ ಹೇಳಿದ ಮೇಲೆ ಮಾಡಲೇಬೇಕು. ಮಾಡದಿದ್ರೆ ಇದೂ ಸುಳ್ಳೇ.

ಇನ್ನು ಆಫೀಸು. ಅಲ್ಲಿ ನಮ್ಮ ಸುಸ್ತಿಗೆ ಜಾತಿ ಇದೆ. ಪಕ್ಕದ ಟೇಬಲ್ಲಿನವರು "ಅಯ್ಯೋ ಸಾಕಾಗಿಹೋಯ್ತು" ಅಂದ್ರೆ ಪಾಪ, ಕೆಲಸ ಜಾಸ್ತಿ. ನಾನು ಅಂದ್ರೆ "ಇವರ ಕೈಲಿ ಆಗಲ್ಲ, ಕೋಟಾದಲ್ಲಿ ಬಂದೋರು." ಕಿವಿಯಾರೆ ಕೇಳಿದೀನಿ. ಅದಕ್ಕೆ ಸಾಹೇಬರು "ಏನ್ರೀ ಹೇಗಿದೀರಿ?" ಅಂದ್ರೆ ನಾನು ದೇಹದ ನಿಜ ಹೇಳ್ತೀನಿ, ಮನಸ್ಸಿಂದಲ್ಲ: "ರಾತ್ರಿ ನಿದ್ದೆ ಕಮ್ಮಿ ಸಾರ್. ಫೈಲು ಮಧ್ಯಾಹ್ನ ನಿಮ್ಮ ಟೇಬಲ್ಲಿಗೆ ಬರುತ್ತೆ." ಹೇಳಿದ್ದು ನಿಜವೇ. ಪೂರ್ತಿ ನಿಜ ಎಲ್ಲರ ಆಸ್ತಿ ಅಲ್ಲ. ಕೆಲವು ಗೆಳೆಯರು ಇದನ್ನ ಬಗ್ಗೋದು ಅಂತಾರೆ. ನನಗೆ ಹಂಗನ್ನಿಸಲ್ಲ. ಎದುರು ನಿಂತು ಕೈಕಟ್ಟಿ "ತಮ್ಮ ದಯೆಯಿಂದ ಚೆನ್ನಾಗಿದೀವಿ ಬುದ್ಧಿ" ಅನ್ನಬೇಕಿತ್ತು ನಮ್ಮಜ್ಜ. ಅದು ಹೇರಿದ ಸುಳ್ಳು. ಎಷ್ಟು ಹೇಳಬೇಕು ಅಂತ ನಾನೇ ತೀರ್ಮಾನ ಮಾಡೋದು ಬೇರೆ.

ಒಂದು ಎಚ್ಚರಿಕೆ ಮಾತ್ರ ಹೇಳಿಬಿಡ್ತೀನಿ. ಈ ಚಿಕ್ಕ ಉತ್ತರ ಒಂದು ದಿನದ ಸುಸ್ತಿಗೆ. ಎರಡು ವಾರದಿಂದ "ಇವತ್ತು" ಅಂತಾನೇ ಹೇಳ್ತಾ ಇದ್ರೆ, ನಿದ್ದೆ ಊಟ ಬಿಟ್ಟಿದ್ರೆ, ಬದುಕೇ ಬೇಡ ಅನ್ನಿಸ್ತಿದ್ರೆ ಅದು ಹಲೋಗೆ ಹೇಳೋ ಮಾತಲ್ಲ, ಒಬ್ಬರನ್ನ ಆರಿಸಿ ಕೂರಿಸಿಕೊಂಡು ಹೇಳೋ ಮಾತು. ಯಾರೂ ಇಲ್ಲ ಅಂದ್ರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಆ ಕೇಸು ಬಿದ್ದ ಮೇಲೆ ನಾನೂ ಒಬ್ಬರನ್ನ ಆರಿಸಿಕೊಂಡೆ, ಅದೇ ಹಳೇ ಸಂಗಾತಿ. ಮೊದಲು ಅವನ ಬಾಕಿ ಕೇಳಿ ಆಮೇಲೆ ನಂದು ಹೇಳಿದೆ.

ಹೋದ ವಾರ ಅದೇ ಬಸ್ ಸ್ಟ್ಯಾಂಡು. ಹುಡುಗ ಸಿಕ್ಕಿದ. ಈಗ ಕೊರಳಲ್ಲಿ ಇಲಾಖೆಯ ಐಡಿ ಕಾರ್ಡು, ಸ್ವಲ್ಪ ಹೊಟ್ಟೆ ಕೂಡ. "ಜೈಭೀಮ್ ಅಣ್ಣಾ, ಹೆಂಗಿದೀರಾ?" ಅಂದ, ಒಂದು ಹೆಜ್ಜೆ ದೂರದಲ್ಲೇ ನಿಂತು.

"ಜೈಭೀಮ್ ತಮ್ಮಾ. ಇವತ್ತು ಸುಸ್ತು, ಮನೆಗೆ ಹೋಗಿ ಮಲಗಿದ್ರೆ ಸರಿ ಹೋಗುತ್ತೆ. ಆಯ್ಕೆ ಪಟ್ಟಿ ಬಂದ ದಿನದ ಕತೆ ನೀನು ನಂಗೆ ಹೇಳ್ಲೇ ಇಲ್ಲ. ಬಸ್ಸು ಎಷ್ಟೊತ್ತಿಗೆ?"

"5.40ಕ್ಕೆ" ಅಂದ. ಇನ್ನೂ ಕಾಲು ಗಂಟೆ ಇತ್ತು. ಎರಡು ಟೀ ಹೇಳಿದೆ.