ಹೆಸರು ಕತ್ತರಿಸುವ ಮೊದಲು ಲೆಕ್ಕ ನೋಡಿ

ಸ್ವಲ್ಪ ಉದ್ದದ ಪೋಸ್ಟು. ಕೆಲಸ ಹುಡುಕ್ತಿರೋ ಮಕ್ಕಳು ಮನೇಲಿದ್ದರೆ ಓದಿ.

ನಮ್ಮ ಸೀತೂರಿನ ಅಕ್ಕನ ಮಗಳು ಬಿ.ಕಾಂ. ಮುಗಿಸಿ ಎರಡು ವರ್ಷ ಒಂದು ಲೆಕ್ಕಪತ್ರದ ಆಫೀಸಿನಲ್ಲಿ ದುಡಿದವಳು. ಲಿಂಕ್ಡ್‌ಇನ್‌ನಲ್ಲಿ ಪ್ರೊಫೈಲ್ ಮಾಡಿ ತಿಂಗಳುಗಟ್ಟಲೆ ಕಾದರೂ ಒಂದು ಕರೆ ಬರಲಿಲ್ಲ. ಏಪ್ರಿಲ್ 14ಕ್ಕೆ ತನ್ನ ಹಾಸ್ಟೆಲ್ ದಿನಗಳ ಬಗ್ಗೆ ಬರೆದು ಬಾಬಾಸಾಹೇಬರ ಫೋಟೋ ಹಾಕಿದ್ದಳು. ಹಿತೈಷಿಯೊಬ್ಬರು, "ಆ ಪೋಸ್ಟೇ ನಿನಗೆ ಅಡ್ಡ, ತೆಗೆದುಹಾಕು, ಹೆಸರಿನ ಹಿಂದಿನ ತುಂಡನ್ನೂ ಕತ್ತರಿಸು" ಅಂದರಂತೆ. ಹುಡುಗಿ ಅಳುತ್ತಾ ಫೋನ್ ಮಾಡಿದಳು. "ಮಾಮ, ತೆಗೀಲಾ?"

"ತಡಿ ಪುಟ್ಟಿ, ಮೊದಲು ಲೆಕ್ಕ ನೋಡೋಣ" ಅಂದೆ.

ಪ್ರೊಫೈಲ್‌ನಲ್ಲೇ ಮೂರು ಅಂಕಿ ಕಾಣುತ್ತವೆ: Post impressions, Search appearances, Profile views. ಅವಳ ಪೋಸ್ಟ್ 2,300 ಸಲ ಪರದೆ ಮೇಲೆ ಬಂದಿತ್ತು. ಇದು ಓದಿದವರ ಲೆಕ್ಕ ಅಲ್ಲ, ಬೆರಳಾಡಿಸುವಾಗ ಕಣ್ಣಮುಂದೆ ಹಾದುಹೋದದ್ದೂ ಸೇರಿರುತ್ತೆ. ಪೋಸ್ಟಿನ ಅಂಕಿ ಒತ್ತಿದರೆ ನೋಡಿದವರು ಯಾವ ಕೆಲಸದವರು ಅಂತಲೂ ಸ್ವಲ್ಪ ತಿಳಿಯುತ್ತೆ. ವಿದ್ಯಾರ್ಥಿಗಳು, ಮೇಷ್ಟ್ರುಗಳು, ವಕೀಲರು. ಎಲ್ಲ ನಮ್ಮವರೇ! ಕೆಲಸ ಕೊಡುವವರು ಆ ಬೀದಿಗೇ ಬಂದಿರಲಿಲ್ಲ.

ಹುಡುಕಾಟದ ಲೆಕ್ಕ ನೋಡಿದೆವು. ವಾರಕ್ಕೆ 3. ಅಂದರೆ ಇಡೀ ವಾರದಲ್ಲಿ ಮೂರು ಸಲ ಮಾತ್ರ ಅವಳ ಹೆಸರು ಯಾರದೋ ಹುಡುಕಾಟದಲ್ಲಿ ಬಂದಿದೆ. ಕಾಣದವಳನ್ನು ಜಾತಿ ನೋಡಿ ಬಿಡೋದಾದರೂ ಹೇಗೆ? ಬಾಗಿಲು ಅದಕ್ಕೂ ಮೊದಲೇ ಮುಚ್ಚಿತ್ತು. ಹೆಸರಿನ ಕೆಳಗಿನ ಸಾಲಿನಲ್ಲಿ, ಅದೇ ಹೆಡ್‌ಲೈನ್, "Seeking opportunities" ಅಂತಿತ್ತು. ಹಳೆ ಕೆಲಸದ ಹುದ್ದೆ "Staff". ಅಕೌಂಟ್ಸ್‌ಗೆ ಜನ ಬೇಕಾದವರು ಈ ಪದ ಹಾಕಿ ಹುಡುಕ್ತಾರಾ?

ಹೆಡ್‌ಲೈನ್ ಒಂದನ್ನೇ ಬದಲಿಸಿದೆವು: "Accounts Assistant | Tally, GST Returns". ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಪ್ರತಿ ಭಾನುವಾರ ಅವಳು ನೋಟ್‌ಬುಕ್ಕಿನಲ್ಲಿ ಅಂಕಿ ಬರೆದಿಟ್ಟಳು. 4, 9, 14. ಮೂರರಿಂದ ನಾಲ್ಕಕ್ಕೆ ಹೋದದ್ದಕ್ಕೆ ಅರ್ಥ ಇಲ್ಲ, ಅದು ಸುಮ್ಮನೆ ಏರಿಳಿತ. ಎರಡು ವಾರ ಬಿಡದೆ ಏರಿದ ಮೇಲೆ ನಂಬಿದೆವು. ಆಮೇಲೆ "Open to work" ಒಳಗೆ ಶಿವಮೊಗ್ಗ, ಬೆಂಗಳೂರು ಸೇರಿಸಿದೆವು. ಊರು ಸೀತೂರು ಅಂತಲೇ ಉಳಿಯಿತು, ಸುಳ್ಳು ಹೇಳುವ ಅಗತ್ಯ ಬೀಳಲಿಲ್ಲ.

ಈಗ ಹುಡುಕಾಟದಲ್ಲಿ ಬರ್ತಿದ್ದಾಳೆ, ಆದರೆ ಒತ್ತಿ ಒಳಗೆ ಬಂದವರು ವಾರಕ್ಕೆ ಒಬ್ಬರೋ ಇಬ್ಬರೋ. ಇಲ್ಲಿ ನನಗೂ ಎದೆ ಹಿಂಡಿತು. ಹುಡುಕಿದವರಿಗೆ ಮೊದಲು ಕಾಣೋದು ಫೋಟೋ, ಹೆಸರು, ಹೆಡ್‌ಲೈನ್, ಊರು, ಅಷ್ಟೇ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೆನಪಿರಬಹುದು. ಒಂದೇ ಬಗೆಯ ಓದು, ಅರ್ಹತೆಯ ಅರ್ಜಿಗಳನ್ನು ಖಾಸಗಿ ಕಂಪನಿಗಳಿಗೆ ಕಳಿಸಿದಾಗ ದಲಿತ ಹೆಸರಿನವಕ್ಕೆ ಕರೆ ಬರುವ ಸಾಧ್ಯತೆ ಮೇಲ್ಜಾತಿ ಹೆಸರಿನವಕ್ಕಿಂತ ಕಡಿಮೆ ಇತ್ತು. ಆದ್ದರಿಂದ ಹಿತೈಷಿಯ ಮಾತು ಪೂರಾ ಸುಳ್ಳಲ್ಲ. ಅವರು ಬಾಗಿಲು ತೋರಿಸಿದ್ದು ತಪ್ಪಿತ್ತು.

ಆದರೆ ಫೋಟೋ ಕೂಡ ಮದುವೆ ಗುಂಪಿನಿಂದ ಕತ್ತರಿಸಿದ್ದು, ಪಕ್ಕದವರ ಭುಜ ಬೇರೆ ಕಾಣ್ತಿತ್ತು. ಅದಕ್ಕೆ ಮೊದಲು ಫೋಟೋ. ಅಡಿಕೆ ಚಪ್ಪರದ ಪಕ್ಕ, ಬೆಳಗಿನ ಬೆಳಕಲ್ಲಿ, ತಮ್ಮನೇ ಮೊಬೈಲಲ್ಲಿ ತೆಗೆದ. ಮೂರು ವಾರ ಬೇರೇನೂ ಮುಟ್ಟಲಿಲ್ಲ, ಪೋಸ್ಟ್ ಕೂಡ ಹಾಕಲಿಲ್ಲ, ಯಾಕಂದ್ರೆ ಪೋಸ್ಟ್ ನೋಡಿ ಬರುವ ಗೆಳತಿಯರೂ ಅದೇ ಲೆಕ್ಕಕ್ಕೆ ಸೇರ್ತಾರೆ. ಇನ್ನೊಂದು ಮಾತು: ಪ್ರೊಫೈಲ್ ನೋಡಿದವರ ಒಟ್ಟು ಲೆಕ್ಕ 90 ದಿನದ್ದು, ಹುಡುಕಾಟದ್ದು ವಾರದ್ದು. ಎರಡನ್ನೂ ನೇರ ಹೋಲಿಸಿ ಮೋಸ ಹೋಗಬೇಡಿ. ವಾರವಾರ ಹೊಸದಾಗಿ ಬಂದವರನ್ನೇ ಬರೆದುಕೊಳ್ಳಿ. ಉಚಿತ ಖಾತೆಯಲ್ಲಿ ಎಲ್ಲರೂ ಕಾಣಲ್ಲ, ಗುಟ್ಟಾಗಿ ನೋಡಿದವರ ಹೆಸರಂತೂ ಸಿಗೋದೇ ಇಲ್ಲ.

ವಾರಕ್ಕೆ ಐದಾರು ಜನ ಬರತೊಡಗಿದರು. ಇಬ್ಬರು ಶಿವಮೊಗ್ಗದ ಎಚ್.ಆರ್.ನವರು. ಹೆಸರು ನೋಡಿ ಬಿಟ್ಟುಹೋದವರು ಎಷ್ಟು ಅಂತ ಯಾವ ಅಂಕಿಯೂ ಹೇಳಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

"ಹಂಗಾದ್ರೆ ಹೆಸರು ಏನ್ ಮಾಡ್ಲಿ ಮಾಮ?" ಅಂದಳು.

"ಅದು ನಿಂದು, ನೀನೇ ಹೇಳ್ಬೇಕು."

"ಇರ್ಲಿ ಬಿಡಿ. ಪೋಸ್ಟೂ ಇರ್ಲಿ."

ಬಂದವರು ಮಾತಾಡಿಸದೆ ಹೋಗ್ತಿದ್ದಾರೆ. ಅಂದರೆ ಈಗ ತೊಂದರೆ ಒಳಮನೆಯಲ್ಲಿ. "About" ಜಾಗದಲ್ಲಿ ಎಲ್ಲಿಂದಲೋ ಎತ್ತಿದ "I am a hard working person" ಅನ್ನೋ ಒಂದೇ ಸಾಲಿದೆ. ಅಡಿಕೆ ವ್ಯಾಪಾರಿಗಳ GSTR-1, GSTR-3B ತಿಂಗಳು ತಿಂಗಳು ತುಂಬಿದ್ದು ಇವಳೇ, ಅದು ಎಲ್ಲೂ ಇಲ್ಲ. ಈ ಭಾನುವಾರ ಕೂತು ಅದನ್ನೇ ಬರೀತೀವಿ. "Staff" ಅನ್ನೋದನ್ನ ಮುಂದಿನ ಸರದಿಗೆ ಇಟ್ಟಿದ್ದೀವಿ.