ನಾಳೆ ಹೇಗಿರುತ್ತೇನೋ, ಈಗಲೇ ಹೇಳಲಾರೆ

"ನಿನ್ನೆ ಚೆನ್ನಾಗಿಯೇ ಇದ್ದಿರಲ್ಲ?" ನನ್ನ ಹಿಂದಿನ ಕಚೇರಿಯ ಮ್ಯಾನೇಜರ್ ಕೇಳಿದ ಈ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಿನ್ನೆ ಚೆನ್ನಾಗಿದ್ದುದು ನಿಜ. ಸಂಜೆ ಏಳರವರೆಗೆ ಕುಳಿತು ಲೆಕ್ಕ ಮುಗಿಸಿದ್ದೆ, ಮನೆಗೆ ಬಂದು ಬಟ್ಟೆಯನ್ನೂ ಒಗೆದಿದ್ದೆ. ಇಂದು ಹಾಸಿಗೆಯಿಂದ ಎದ್ದು ಸ್ನಾನದ ಮನೆಯವರೆಗೆ ಹೋಗಲು ಗೋಡೆ ಹಿಡಿಯಬೇಕಾಗಿತ್ತು. ಎರಡೂ ಸತ್ಯವಾಗಿರಬಹುದೆಂದು ಅವರು ನಂಬಲಿಲ್ಲ. ಮೂರು ತಿಂಗಳಲ್ಲಿ ಆ ಕೆಲಸ ಹೋಯಿತು.

ನನಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್. ಚಿಕ್ಕದಾಗಿ ಎಂ.ಎಸ್. ಅನ್ನುತ್ತಾರೆ. ವಿದ್ಯುತ್ ತಂತಿಯ ಮೇಲೆ ರಬ್ಬರಿನ ಹೊದಿಕೆ ಇರುವ ಹಾಗೆ ನಮ್ಮ ನರಗಳ ಮೇಲೆ ಮೈಲಿನ್ ಎಂಬ ಹೊದಿಕೆ ಇದೆ. ರೋಗದಿಂದ ನಮ್ಮನ್ನು ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯಲ್ಲಿ ಈ ಹೊದಿಕೆಯನ್ನು ಕೆಡಿಸುತ್ತದೆ. ಆಗ ಒಂದು ಸಣ್ಣ ಸಂದೇಶ ಕಳಿಸುವುದಕ್ಕೂ ನರ ಹೆಚ್ಚು ಶ್ರಮಪಡಬೇಕಾಗುತ್ತದೆ. ಮೈ ಸ್ವಲ್ಪ ಬಿಸಿಯಾದರೂ ಸಂದೇಶ ಇನ್ನಷ್ಟು ನಿಧಾನವಾಗುತ್ತದೆ. ಮಂಗಳೂರಿನ ಮೇ ತಿಂಗಳ ಸೆಕೆ, ಬಿಸಿನೀರಿನ ಸ್ನಾನ, ಸಣ್ಣ ಜ್ವರ, ಇವೆಲ್ಲ ನನಗೆ ದುಬಾರಿಯಾಗುವುದು ಈ ಕಾರಣದಿಂದ. ಈ ದಣಿವು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೂ ಬೆಳಗ್ಗೆ ಕಾಯುತ್ತಾ ಕುಳಿತಿರುತ್ತದೆ. ಹೊರಗಿನವರಿಗೆ ಮಾತ್ರ ಕಾಣಿಸದು.

ಮೊದಲು ವೈದ್ಯರು ರಕ್ತಹೀನತೆ, ಥೈರಾಯ್ಡ್, ನಿದ್ದೆ, ಖಿನ್ನತೆ ಎಲ್ಲವನ್ನೂ ಪರೀಕ್ಷಿಸಿದರು. ಅವುಗಳಿಂದಲೂ ಸುಸ್ತು ಬರುತ್ತದೆ, ಅವಕ್ಕೆ ಚಿಕಿತ್ಸೆಯೂ ಇದೆ. ಆಮೇಲೆ ನಾನು ದಣಿವಿಗೆ ಮಾತ್ರೆ ಕೇಳಿದೆ. ಇದಕ್ಕೆಂದು ಬಹುಕಾಲದಿಂದ ಕೊಡುತ್ತಿದ್ದ ಮೂರು ಔಷಧಿಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಅವು ಬರೀ ಹುಸಿಮಾತ್ರೆಗಿಂತ ಹೆಚ್ಚು ಉಪಕಾರ ಮಾಡಲಿಲ್ಲವೆಂದು 2021ರಲ್ಲಿ ಪ್ರಕಟವಾಗಿತ್ತು. ಹಾಗಾಗಿ ವೈದ್ಯರು ನನ್ನ ಕೈಗೆ ಕೊಟ್ಟದ್ದು ಒಂದು ನೋಟ್ ಪುಸ್ತಕ. ಎರಡು ವಾರ ಏನು ಮಾಡಿದೆ, ಆಮೇಲೆ ಎಷ್ಟು ದಣಿದೆ ಎಂದು ಬರೆಯಲು ಹೇಳಿದರು.

ಲೆಕ್ಕ ಬರೆಯುವವಳಾದ್ದರಿಂದ ನಾನು ಅದನ್ನು ರೂಪಾಯಿಯಲ್ಲಿ ಬರೆದೆ. ದಿನದ ಶಕ್ತಿ ಇಪ್ಪತ್ತು ರೂಪಾಯಿ ಎಂದುಕೊಂಡೆ. ಬೆಳಗ್ಗೆ ಬಿಸಿನೀರಿನ ಸ್ನಾನಕ್ಕೆ ಮೂರು, ಬಸ್ಸಿನಲ್ಲಿ ನಿಂತುಕೊಂಡು ಹೋಗುವುದಕ್ಕೆ ಐದು, ಎರಡು ಮಹಡಿ ಹತ್ತುವುದಕ್ಕೆ ಎರಡು. ಕುರ್ಚಿಯಲ್ಲಿ ಕೂರುವ ಮೊದಲೇ ಹತ್ತು ರೂಪಾಯಿ ಖಾಲಿ! ಬ್ಯಾಂಕಿನ ಲೆಕ್ಕ ತಾಳೆ ನೋಡುವುದಕ್ಕೆ ಆರು. ಗಮನವಿಟ್ಟು ಮಾಡುವ ಕೆಲಸ ಮೆಟ್ಟಿಲು ಹತ್ತುವುದಕ್ಕಿಂತ ಹೆಚ್ಚು ಕಸಿಯುತ್ತದೆಂದು ನನಗೆ ಗೊತ್ತಾದದ್ದೇ ಆಗ. ಮಧ್ಯಾಹ್ನದ ಫೋನುಗಳಿಗೆ ನಾಲ್ಕು. ಮನೆಗೆ ಮರಳುವುದು ಪೂರ್ತಿ ಸಾಲದ ಮೇಲೆ. ಈ ಸಾಲದ ಬಡ್ಡಿಯೋ ವಿಪರೀತ. ಇಂದು ಐದು ರೂಪಾಯಿ ಹೆಚ್ಚು ಖರ್ಚು ಮಾಡಿದರೆ ಮುಂದಿನ ಎರಡು ದಿನ ಹಾಸಿಗೆಯಲ್ಲಿ ತೀರಿಸಬೇಕು. ಒಳ್ಳೆಯ ದಿನ ಬಾಕಿ ಕೆಲಸವನ್ನೆಲ್ಲ ಎಳೆದು ಮುಗಿಸುವುದು, ಆಮೇಲೆ ಬಿದ್ದುಕೊಳ್ಳುವುದು. ನನ್ನ ನೋಟ್ ಪುಸ್ತಕದ ಪುಟ ಪುಟದಲ್ಲೂ ಇದೇ ಕತೆ ಇತ್ತು.

ಆದ್ದರಿಂದ ಸ್ನಾನವನ್ನು ರಾತ್ರಿಗೆ ಬದಲಾಯಿಸಿ ಉಗುರುಬೆಚ್ಚಗಿನ ನೀರು ಮಾಡಿಕೊಂಡೆ. ಅದಾದ ಮೇಲೆ ಮಲಗುವುದಷ್ಟೇ ಬಾಕಿ. ಬಸ್ಸಿನ ಬದಲು ಆಟೋ. ಹೊಸ ಕಚೇರಿಯಲ್ಲಿ ನನ್ನ ಮೇಜು ನೆಲಮಹಡಿಯಲ್ಲಿ, ಬಿಸಿಲು ಬೀಳುವ ಕಿಟಕಿಯಿಂದ ದೂರ. ಬೆಳಗಿನ ಹತ್ತು ರೂಪಾಯಿಯ ಖರ್ಚು ನಾಲ್ಕಕ್ಕೆ ಇಳಿಯಿತು. ಉಳಿದ ಆರರಲ್ಲಿ ಒಂದು ಬ್ಯಾಂಕ್ ತಾಳೆ ಮುಗಿಯುತ್ತದೆ. ಹನ್ನೊಂದೂವರೆಗೆ ಹದಿನೈದು ನಿಮಿಷ ಕಣ್ಣು ಮುಚ್ಚಿ ಮಲಗುತ್ತೇನೆ, ಫೋನು ದೂರವಿಟ್ಟು. ದಣಿವಾದ ಮೇಲಲ್ಲ, ಆಗುವುದಕ್ಕೆ ಮೊದಲು. ಪೂರ್ತಿ ಖಾಲಿಯಾದ ಮೇಲೆ ಹದಿನೈದು ನಿಮಿಷ ಯಾವುದಕ್ಕೂ ಸಾಲದು. ಹಾಗೆಂದು ಸದಾ ಮಲಗಿರುವುದೂ ತಪ್ಪು. ಫಿಸಿಯೋಥೆರಪಿಯವರು ಹೇಳಿಕೊಟ್ಟ ಲಘು ವ್ಯಾಯಾಮವನ್ನು ಬಿಟ್ಟರೆ ಸ್ನಾಯುಗಳು ಸೋತು ದಣಿವು ಇನ್ನೂ ಬೇಗ ಬರುತ್ತದೆ. ಹೊಸ ಮರಗಟ್ಟುವಿಕೆ, ದೃಷ್ಟಿ ಮಂಜಾಗುವುದು ಅಥವಾ ಕಾಲಿನ ನಿಶ್ಶಕ್ತಿ ಜ್ವರವಿಲ್ಲದೆಯೂ ಇಪ್ಪತ್ತನಾಲ್ಕು ಗಂಟೆ ಮೀರಿದರೆ ಅದನ್ನು ದಣಿವೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಬೇಕು.

ಇಷ್ಟೆಲ್ಲ ಮಾಡಿದರೂ ಕೆಲವು ಬೆಳಗ್ಗೆ ಪರ್ಸಿನಲ್ಲಿ ಎಂಟೇ ರೂಪಾಯಿ ಇರುತ್ತದೆ. ಯಾವ ಬೆಳಗ್ಗೆ ಎಂದು ಯಾರೂ ಹೇಳಲಾರರು. ಆದರೆ ತಿಂಗಳಲ್ಲಿ ಅಂಥ ಮೂರು ನಾಲ್ಕು ದಿನ ಬಂದೇ ಬರುತ್ತವೆ ಎಂಬುದು ನನ್ನ ನೋಟ್ ಪುಸ್ತಕದಲ್ಲಿತ್ತು. ಹೊಸ ಕೆಲಸಕ್ಕೆ ಸೇರುವಾಗ ಅದನ್ನೇ ಸಾಹುಕಾರರ ಮುಂದಿಟ್ಟೆ. ಅವರು ಸ್ವಲ್ಪ ಯೋಚಿಸಿ, "ದಿನ ಗೊತ್ತಿಲ್ಲ, ಸಂಖ್ಯೆ ಗೊತ್ತು. ಹಾಗಾದರೆ ವ್ಯವಸ್ಥೆ ಮಾಡಬಹುದಮ್ಮ" ಎಂದರು.

ಮೊದಲು ಕೆಲಸಗಳನ್ನು ಎರಡಾಗಿ ವಿಂಗಡಿಸಿದೆವು. ಜಿಎಸ್‌ಟಿಯ ಮಾಸಿಕ ರಿಟರ್ನ್‌ಗಳು 11 ಮತ್ತು 20ನೇ ತಾರೀಕಿನೊಳಗೆ ಹೋಗಲೇಬೇಕು. ಹಳೆಯ ಬಿಲ್ಲುಗಳ ಫೈಲಿಂಗ್ ಯಾವಾಗಲಾದರೂ ಆದೀತು. ತಾರೀಕು ಇರುವ ಕೆಲಸದ ಕರಡು ನಾಲ್ಕು ದಿನ ಮೊದಲೇ ಸಿದ್ಧವಿರಬೇಕು. ಜೊತೆಗೆ ಪ್ರತಿ ಕೆಲಸಕ್ಕೂ ಎರಡನೆಯ ಒಬ್ಬರು ಬೇಕು. ಅಲ್ಲಿಯವರೆಗೆ ಪೋರ್ಟಲ್‌ನ ಪಾಸ್‌ವರ್ಡ್ ಹಿಂದಿದ್ದ ಗುಮಾಸ್ತನೊಬ್ಬನ ತಲೆಯಲ್ಲಷ್ಟೇ ಇತ್ತಂತೆ. ಈಗ ಅದು ಸಾಹುಕಾರರ ಬಳಿ ಇದೆ, ಒಟಿಪಿಯೂ ಅವರ ಮೊಬೈಲಿಗೇ ಬರುತ್ತದೆ. ಕೆಲಸ ಎಲ್ಲಿಗೆ ನಿಂತಿದೆ ಎಂದು ಪ್ರತಿದಿನ ಸಂಜೆ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದಿಡುತ್ತೇನೆ.

ಬೆಳಗ್ಗೆ ಎಂಟರೊಳಗೆ ನಾನು ಕಳಿಸುವ ಸಂದೇಶ ಒಂದೇ ಪದದ್ದು. ಹಸಿರು ಎಂದರೆ ಬರುತ್ತೇನೆ. ಹಳದಿ ಎಂದರೆ ಮನೆಯಿಂದಲೇ ಅರ್ಧ ದಿನ, ಗಮನ ಬೇಡುವ ಒಂದೇ ಕೆಲಸ. ಕೆಂಪು ಎಂದರೆ ಇಂದು ಆಗದು, ಹಾಳೆ ನೋಡಿ. ಯಾರೂ ಕಾರಣ ಕೇಳುವುದಿಲ್ಲ. ನನ್ನ ಗಂಟೆಗಳನ್ನು ದಿನಕ್ಕಲ್ಲ, ತಿಂಗಳಿಗೆ ಕೂಡಿಸುತ್ತಾರೆ. ಹಸಿರು ದಿನ ಬಾಕಿಯನ್ನೆಲ್ಲ ಒಮ್ಮೆಗೇ ತೀರಿಸಲು ಹೊರಟರೆ ಸಹೋದ್ಯೋಗಿ ಶೋಭಕ್ಕ ಬಂದು, "ಸಾಕು, ಏಳು" ಅನ್ನುತ್ತಾರೆ.

ಕಳೆದ ಮೇನಲ್ಲಿ ನನಗೆ ಜ್ವರ ಬಂತು. 18ರಿಂದ 20ರವರೆಗೆ ಮೂರೂ ದಿನ ಕೆಂಪು. ಕರಡು 16ಕ್ಕೇ ಸಿದ್ಧವಿತ್ತು. ಶೋಭಕ್ಕ ಹಾಳೆ ನೋಡಿ ಅಂಕಿಗಳನ್ನು ತಾಳೆ ಹಾಕಿ 19ಕ್ಕೆ ಸಲ್ಲಿಸಿದರು. ದಂಡವಿಲ್ಲ, ಬಡ್ಡಿಯಿಲ್ಲ. ಎಲ್ಲ ಕೆಲಸಕ್ಕೂ ಇದು ಹೊಂದದು ನಿಜ. ಅಂಗಡಿಯ ಕೌಂಟರನ್ನಾಗಲಿ ಕಾರ್ಖಾನೆಯ ಪಾಳಿಯನ್ನಾಗಲಿ ಮನೆಗೆ ಒಯ್ಯಲಾಗದು. ಅಲ್ಲಿ ಬದಲಿ ವ್ಯಕ್ತಿಯನ್ನು ಮೊದಲೇ ಗೊತ್ತುಮಾಡಿಡಬೇಕು, ಅದಕ್ಕೆ ಖರ್ಚೂ ಇದೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಎಂ.ಎಸ್. ಕೂಡ ಇದೆ. ನೌಕರರಿಗೆ ತಕ್ಕ ಹೊಂದಾಣಿಕೆ ಮಾಡಿಕೊಡುವುದು ಸರಕಾರಿ ಸಂಸ್ಥೆಗಳಿಗೆ ಕಡ್ಡಾಯ. ಸಮಾನ ಅವಕಾಶದ ನೀತಿಯನ್ನು ಖಾಸಗಿಯವರೂ ಪ್ರಕಟಿಸಬೇಕು. ಈ ಹೊಂದಾಣಿಕೆ ಎಂಬ ಮಾತು ನಮಗೆ ಹೊಸತೇನಲ್ಲ. ನಿಂತು ನಮಾಝ್ ಮಾಡಲಾಗದವರು ಕುಳಿತು ಮಾಡಬಹುದು, ಕುಳಿತೂ ಆಗದವರು ಮಲಗಿಯೇ ಮಾಡಬಹುದು. ರೋಗಿಗೆ ಉಪವಾಸದಲ್ಲೂ ರಿಯಾಯಿತಿಯಿದೆ. ಮೊದಲ ಸಲ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಿದ ದಿನ ನನಗೆ ಅಳು ಬಂದಿತ್ತು. ಆಗ ಉಮ್ಮ, "ಯಾಕೆ ಅಳುತ್ತಿ? ನಿನಗೆ ರೋಗ ಬರುವ ಮೊದಲೇ ಈ ರಿಯಾಯಿತಿ ಇಟ್ಟಿದ್ದರಲ್ಲ" ಎಂದರು. ಆ ಮಾತು ಮನಸ್ಸಿನಲ್ಲಿ ಉಳಿಯಿತು. ಪ್ರತಿ ಸಲವೂ ಹೋಗಿ ಬೇಡಿಕೊಳ್ಳಬೇಕಾಗಿಲ್ಲ, ನಿಜವಾಗಿಯೂ ಆಗುವುದಿಲ್ಲವೇ ಎಂದು ಯಾರೂ ಪರೀಕ್ಷಿಸುವುದಿಲ್ಲ.

ಕಚೇರಿಯಲ್ಲಿ ನನಗೆ ಸಿಕ್ಕಿದ್ದೂ ಅಂಥದ್ದೇ. ಇಂದು ಬೆಳಗ್ಗೆ ಕಳಿಸಿದ ಪದ ಹಳದಿ. ಈ ಲೇಖನವನ್ನು ಮೂರು ಕಂತಿನಲ್ಲಿ, ನಡುನಡುವೆ ಮಲಗಿ ಎದ್ದು, ಬರೆದು ಮುಗಿಸಿದ್ದೇನೆ.